ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದೇ ತಪ್ಪಾಯಿತೇ? ಮಳೆಗಾಲದಲ್ಲಿ ಎಂಬತ್ತರ ಮಿತಿ ಇಟ್ಟುಕೊಳ್ಳುವುದು ಹೇಗೆ?

ಕೊಟ್ಟಿಗೆಹಾರದ ಮನೆ · ಜುಲೈ 6, ರಾತ್ರಿ 9:20

ನಮ್ಮದು ಮೂಡಿಗೆರೆ ತಾಲ್ಲೂಕು, ಕೊಟ್ಟಿಗೆಹಾರದಿಂದ ತೋಟದ ಒಳಗೆ ನಾಲ್ಕು ಕಿಲೋಮೀಟರ್. ನನ್ನ ಮೊಬೈಲಿಗೆ ಎರಡು ವರ್ಷ ನಾಲ್ಕು ತಿಂಗಳಾಯಿತು. ಬ್ಯಾಟರಿ 5000 ಎಂಎಎಚ್ ಎಂದು ಡಬ್ಬಿಯ ಮೇಲೆ ಬರೆದಿದೆ. ಮೊದಲು ಒಂದೂವರೆ ದಿನ ಬರುತ್ತಿದ್ದದ್ದು ಈಗ ಒಂದು ದಿನವೂ ಬರುವುದಿಲ್ಲ. ಕಳೆದ ವಾರ 14 ಪ್ರತಿಶತ ತೋರಿಸುತ್ತಿದ್ದಾಗ ಮಾತಿನ ಮಧ್ಯೆಯೇ ಆರಿಹೋಯಿತು.

ಮಲಗುವಾಗ ಚಾರ್ಜಿಗೆ ಹಾಕಿ ಬೆಳಿಗ್ಗೆ ಆರಕ್ಕೆ ತೆಗೆಯುವುದು ನನ್ನ ರೂಢಿ. ಅದರಿಂದಲೇ ಬ್ಯಾಟರಿ ಹಾಳಾಯಿತು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ಎಂಬತ್ತಕ್ಕೆ ನಿಲ್ಲಿಸುವ ಆಯ್ಕೆ ಇದೆ. ಅದನ್ನು ಹಾಕಲೇ? ಹಾಕಿದರೆ, ಇಲ್ಲಿ ಮಳೆ ಹಿಡಿದರೆ ಕರೆಂಟು ಒಮ್ಮೊಮ್ಮೆ ಇಡೀ ದಿನ ಬರುವುದಿಲ್ಲ. ಆಗ ಆ ಇಪ್ಪತ್ತು ಪ್ರತಿಶತಕ್ಕೆ ಯಾರನ್ನು ಕೇಳಲಿ?

ಬಿ.ಎಂ. ರಸ್ತೆಯ ರಿಪೇರಿ · ಜುಲೈ 6, ರಾತ್ರಿ 9:48

ಮೇಡಂ, ಹಾಸನದಲ್ಲಿ ಹದಿನಾಲ್ಕು ವರ್ಷದಿಂದ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ನೇರವಾಗಿ ಹೇಳುತ್ತೇನೆ: ರಾತ್ರಿ ಚಾರ್ಜಿಗೆ ಹಾಕಬೇಡಿ. ಬ್ಯಾಟರಿ ತುಂಬಿದ ಮೇಲೂ ಕರೆಂಟು ಒಳಗೆ ಹೋಗುತ್ತಲೇ ಇರುತ್ತದೆ, ಅದರಿಂದಲೇ ಉಬ್ಬುತ್ತದೆ. ಇನ್ನೊಂದು, ಈಗಿನ ವೇಗದ ಚಾರ್ಜರುಗಳು. ಅವು ಬಂದ ಮೇಲೆ ನನ್ನ ಅಂಗಡಿಗೆ ಬರುವ ಬ್ಯಾಟರಿ ಕೆಲಸ ಎರಡರಷ್ಟಾಗಿದೆ. ಹಳೆಯ ನಿಧಾನದ ಚಾರ್ಜರ್ ಇದ್ದರೆ ಅದನ್ನೇ ಬಳಸಿ.

ನಿವೃತ್ತ ಮೇಷ್ಟ್ರು, ಬೇಲೂರು · ಜುಲೈ 6, ರಾತ್ರಿ 10:05

ನಾನು ತಿಂಗಳಿಗೊಮ್ಮೆ ಫೋನು ತಾನಾಗಿ ಆರುವವರೆಗೆ ಬಿಟ್ಟು, ಆಮೇಲೆ ನೂರರವರೆಗೆ ತುಂಬಿಸುತ್ತೇನೆ. ಬ್ಯಾಟರಿಗೆ ನೆನಪಿನ ಶಕ್ತಿ ಇರುತ್ತದೆ, ಅರ್ಧಂಬರ್ಧ ಚಾರ್ಜ್ ಮಾಡಿದರೆ ಅಷ್ಟಕ್ಕೇ ಒಗ್ಗಿಕೊಳ್ಳುತ್ತದೆ ಎಂದು ಓದಿದ್ದೇನೆ. ನನ್ನ ಫೋನಿಗೆ ನಾಲ್ಕು ವರ್ಷ, ಇನ್ನೂ ಚೆನ್ನಾಗಿದೆ. ಎಂಬತ್ತಕ್ಕೆ ನಿಲ್ಲಿಸುವುದೆಂದರೆ ಊಟಕ್ಕೆ ಕುಳಿತವರನ್ನು ಮಜ್ಜಿಗೆಗೆ ಮೊದಲೇ ಎಬ್ಬಿಸಿದಂತೆ.

ತೆಂಗಿನ ತೋಟ, ಅರಸೀಕೆರೆ · ಜುಲೈ 6, ರಾತ್ರಿ 10:31

ಬ್ಯಾಟರಿಯನ್ನು ಎಂದಿಗೂ ಅರೆ ಚಾರ್ಜಿನಲ್ಲಿ ಇಡಬಾರದು. ನಮ್ಮ ಮನೆಯ ಬ್ಯಾಟರಿಯನ್ನು ಎರಡು ತಿಂಗಳು ಹಾಗೆ ಬಿಟ್ಟು ಮಗನ ಊರಿಗೆ ಹೋಗಿದ್ದೆವು. ಬಂದು ನೋಡಿದರೆ ಎದ್ದೇಳಲೇ ಇಲ್ಲ. ಸದಾ ತುಂಬಿರಬೇಕು, ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡಿಕೊಳ್ಳಬೇಕು, ಅಷ್ಟೇ.

ಹೇಮಾವತಿ ದಂಡೆ · ಜುಲೈ 6, ರಾತ್ರಿ 11:02

ತೆಂಗಿನ ತೋಟದವರೇ, ನೀವು ಹೇಳುತ್ತಿರುವುದು ಇನ್ವರ್ಟರಿನ ಸೀಸದ ಬ್ಯಾಟರಿಯ ವಿಷಯ. ಆ ಮಟ್ಟಿಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಸೀಸದ ಬ್ಯಾಟರಿಯನ್ನು ಖಾಲಿ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಅದು ಚಾರ್ಜನ್ನೇ ಹಿಡಿಯುವುದಿಲ್ಲ. ಮೊಬೈಲಿನದು ಲಿಥಿಯಂ ಅಯಾನ್. ಅದರ ಸ್ವಭಾವ ಇದಕ್ಕೆ ತದ್ವಿರುದ್ಧ. ಸದಾ ತುಂಬಿಟ್ಟರೆ ಬೇಗ ಮುಪ್ಪಾಗುತ್ತದೆ, ಅರ್ಧದ ಆಸುಪಾಸಿನಲ್ಲಿ ಇಟ್ಟರೆ ಹೆಚ್ಚು ಕಾಲ ಬಾಳುತ್ತದೆ. ಒಂದೇ ಮನೆಯಲ್ಲಿ ಎರಡೂ ಇರುವುದರಿಂದ ಒಂದರ ನಿಯಮವನ್ನು ಇನ್ನೊಂದಕ್ಕೆ ಹಾಕುತ್ತೇವೆ.

ರಿಪೇರಿ ಸರ್, ತುಂಬಿದ ಮೇಲೂ ಕರೆಂಟು ಹೋಗುತ್ತಲೇ ಇರುತ್ತದೆ ಎಂಬುದು ಮಾತ್ರ ಸರಿಯಲ್ಲ. ಫೋನಿನ ಒಳಗಿನ ಚಿಪ್ ನೂರಕ್ಕೆ ಬಂದಾಗ ಚಾರ್ಜನ್ನು ನಿಲ್ಲಿಸುತ್ತದೆ, ಸ್ವಲ್ಪ ಇಳಿದರೆ ಮತ್ತೆ ಅಷ್ಟನ್ನೇ ತುಂಬುತ್ತದೆ. ಆದರೂ ನೀವು ಕಣ್ಣಾರೆ ಕಂಡ ಉಬ್ಬು ಸುಳ್ಳಲ್ಲ. ಹಾನಿ ಮಾಡುವುದು ತುಂಬಿದ ಸ್ಥಿತಿಯಲ್ಲೇ ಗಂಟೆಗಟ್ಟಲೆ ಕೂರುವುದು, ಅದರ ಜೊತೆಗೆ ಸೇರುವ ಬಿಸಿ.

ಇದನ್ನು ನಾನು ಬಚ್ಚಲಿನ ಹಂಡೆಗೆ ಹೋಲಿಸುತ್ತೇನೆ. ಗಡಸು ನೀರು ಕಾಯಿಸಿದ ಹಂಡೆಯ ಒಳಗೆ ವರ್ಷಗಳು ಕಳೆದಂತೆ ಬಿಳಿಯ ಪದರ ಕಟ್ಟುತ್ತದಲ್ಲ, ಬ್ಯಾಟರಿಯ ಗ್ರಾಫೈಟ್ ಮೇಲೂ ಅಂಥದ್ದೊಂದು ತೆಳುವಾದ ಪದರ ಬೆಳೆಯುತ್ತಾ ಹೋಗುತ್ತದೆ. ಆ ಪದರಕ್ಕೆ ಸೇರಿಹೋದ ಲಿಥಿಯಂ ಮತ್ತೆ ಕೆಲಸಕ್ಕೆ ಬರುವುದಿಲ್ಲ, ಅಷ್ಟು ಸಾಮರ್ಥ್ಯ ಹೋದಂತೆಯೇ. ಬಳಸದೆ ಬೀರುವಿನಲ್ಲಿ ಇಟ್ಟರೂ ಪದರ ಬೆಳೆಯುತ್ತದೆ. ಬಿಸಿ ಹೆಚ್ಚಿದ್ದರೆ, ಬ್ಯಾಟರಿ ತುಂಬಿದ್ದರೆ ಇನ್ನೂ ಬೇಗ ಬೆಳೆಯುತ್ತದೆ.

ಕೊಟ್ಟಿಗೆಹಾರದ ಮೇಡಂ, ನಿಮ್ಮ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಎರಡು ಮಾತು ಕೇಳಬೇಕು. ರಾತ್ರಿ ಫೋನನ್ನು ಎಲ್ಲಿ ಇಡುತ್ತೀರಿ? ಹಗಲು ಅದು ಏನು ಕೆಲಸ ಮಾಡುತ್ತದೆ?

ಕೊಟ್ಟಿಗೆಹಾರದ ಮನೆ · ಜುಲೈ 7, ಬೆಳಿಗ್ಗೆ 7:15

ರಾತ್ರಿ ಮಂಚದ ಪಕ್ಕದ ಮೇಜಿನ ಮೇಲೆ ಇರುತ್ತದೆ. ದಿಂಬಿನ ಕೆಳಗೆ ಇಡುವುದಿಲ್ಲ. ಹಗಲು ನಾನು ಬಳಸುವುದು ಕಡಿಮೆ. ನಾಲ್ಕು ಕರೆ, ಒಂದಿಷ್ಟು ವಾಟ್ಸ್ಆ್ಯಪ್, ಅಷ್ಟೇ.

ನಿವೃತ್ತ ಮೇಷ್ಟ್ರು, ಬೇಲೂರು · ಜುಲೈ 7, ಬೆಳಿಗ್ಗೆ 8:02

ಹೇಮಾವತಿಯವರೇ, ನೆನಪಿನ ಶಕ್ತಿಯ ಬಗ್ಗೆ ನೀವು ಏನೂ ಹೇಳಲಿಲ್ಲ. ಮೌನವು ಸಮ್ಮತಿ ಎಂದುಕೊಳ್ಳಲೇ?

ಹೇಮಾವತಿ ದಂಡೆ · ಜುಲೈ 7, ಬೆಳಿಗ್ಗೆ 8:40

ಇಲ್ಲ ಮೇಷ್ಟ್ರೇ, ನಿದ್ದೆ ಬಂದಿತ್ತು.

ನೆನಪಿನ ದೋಷ ಇದ್ದದ್ದು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳಿಗೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆಗೆ ಇಳಿಸುವುದರಿಂದ ಅದಕ್ಕೆ ಲಾಭವೇನೂ ಇಲ್ಲ, ಆಯಾಸ ಮಾತ್ರ. ಆದರೆ ನಿಮ್ಮ ರೂಢಿಯಿಂದ ಒಂದು ಉಪಯೋಗವಂತೂ ಇದೆ. ಪ್ರತಿಶತ ತೋರಿಸುವ ಲೆಕ್ಕ ಎಷ್ಟಾದರೂ ಒಂದು ಅಂದಾಜು. ಫೋನು ಎಷ್ಟೋ ದಿನ ಮೇಲಿನ ತುದಿಯನ್ನಾಗಲಿ ಕೆಳಗಿನ ತುದಿಯನ್ನಾಗಲಿ ಮುಟ್ಟದಿದ್ದರೆ ಆ ಲೆಕ್ಕ ದಾರಿ ತಪ್ಪುತ್ತದೆ. ಐಫೋನಿನಲ್ಲಿ ಎಂಬತ್ತರ ಮಿತಿ ಹಾಕಿದ್ದರೂ ಒಮ್ಮೊಮ್ಮೆ ಅದು ತಾನಾಗಿ ನೂರರವರೆಗೆ ಹೋಗುವುದು ಇದೇ ಲೆಕ್ಕ ಸರಿಪಡಿಸಿಕೊಳ್ಳಲು. ಅಂದರೆ ನೀವು ಸುಧಾರಿಸುತ್ತಿರುವುದು ಗಡಿಯಾರದ ಮುಳ್ಳನ್ನು, ಒಳಗಿನ ಸ್ಪ್ರಿಂಗನ್ನಲ್ಲ. ಎರಡು ಮೂರು ತಿಂಗಳಿಗೊಮ್ಮೆ ಮಾಡಿದರೆ ಸಾಕು. ಸೊನ್ನೆಯವರೆಗೆ ಹೋಗಬೇಕಾಗಿಲ್ಲ, ಹತ್ತರ ಹತ್ತಿರ ಬಂದರೆ ಸಾಕು.

ಎಂ.ಜಿ. ರಸ್ತೆ, ಚಿಕ್ಕಮಗಳೂರು · ಜುಲೈ 7, ಬೆಳಿಗ್ಗೆ 9:10

ನನಗೊಂದು ಸಾದಾ ಅನುಮಾನ. ಮೂರು ವರ್ಷ ಕಳೆದ ಮೇಲೆ ಬ್ಯಾಟರಿ ಎಂಬತ್ತಕ್ಕೆ ಇಳಿಯುತ್ತದೆ ಎಂದು ಹೆದರಿ, ಮೊದಲ ದಿನದಿಂದಲೇ ಎಂಬತ್ತರಲ್ಲಿ ಬದುಕುವುದು ಯಾವ ಜಾಣತನ? ಮುಂದೆ ಬರಬಹುದಾದ ನಷ್ಟವನ್ನು ಇವತ್ತೇ ಕೈಯಾರೆ ಅನುಭವಿಸಿದಂತಾಯಿತು. ನಾನು ಎರಡೂವರೆ ವರ್ಷಕ್ಕೆ ಫೋನು ಬದಲಾಯಿಸುತ್ತೇನೆ. ಪ್ರತಿ ರಾತ್ರಿ ನೂರರವರೆಗೆ ತುಂಬಿಸುತ್ತೇನೆ. ಸುಖವಾಗಿದ್ದೇನೆ.

ಹೇಮಾವತಿ ದಂಡೆ · ಜುಲೈ 7, ಬೆಳಿಗ್ಗೆ 9:25

ನಿಮಗೆ ಅದೇ ಸರಿ. ಮಿತಿ ಹಾಕಬೇಕಾದವರು ಫೋನನ್ನು ನಾಲ್ಕೈದು ವರ್ಷ ಇಟ್ಟುಕೊಳ್ಳುವವರು, ಅಥವಾ ಫೋನು ದಿನವಿಡೀ ವೈರಿಗೆ ಸಿಕ್ಕಿಸಿಯೇ ಇರುವವರು.

ಕೊಟ್ಟಿಗೆಹಾರದ ಮನೆ · ಜುಲೈ 7, ಮಧ್ಯಾಹ್ನ 1:30

ದಿನವಿಡೀ ವೈರಿಗೆ ಎಂದಿರಲ್ಲ, ಅದನ್ನು ಓದಿದ ಮೇಲೆ ಹೊಳೆಯಿತು. ನಾನು ಬಳಸುವುದು ಕಡಿಮೆ ಎಂದೆ. ನನ್ನ ಫೋನನ್ನು ಬಳಸುವವಳು ಮಗಳು. ಅವಳು ಬೆಂಗಳೂರಿನ ಕಂಪನಿಗೆ ಮನೆಯಿಂದ ಕೆಲಸ ಮಾಡುತ್ತಾಳೆ. ನಮ್ಮಲ್ಲಿ ನನ್ನ ಸಿಮ್ಮಿಗೆ ಮಾತ್ರ ಸಿಗ್ನಲ್ ಸಿಗುತ್ತದೆ, ಅದೂ ಹಿಂದಿನ ಕೋಣೆಯ ಒಂದೇ ಒಂದು ಕಿಟಕಿಯಲ್ಲಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಫೋನು ಆ ಕಿಟಕಿಯಲ್ಲಿ ಹಾಟ್‌ಸ್ಪಾಟ್ ಆಗಿ ಕೂತಿರುತ್ತದೆ. ಚಾರ್ಜರ್ ಸಿಕ್ಕಿಸಿಯೇ ಇರುತ್ತದೆ, ಇಲ್ಲದಿದ್ದರೆ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಒಂದು ವರ್ಷದಿಂದ ಹೀಗೆಯೇ ನಡೆದಿದೆ. ಇದನ್ನು ಮೊದಲೇ ಹೇಳಬೇಕಿತ್ತೇನೋ.

ಬಿ.ಎಂ. ರಸ್ತೆಯ ರಿಪೇರಿ · ಜುಲೈ 7, ಮಧ್ಯಾಹ್ನ 1:52

ಅಯ್ಯೋ ಮೇಡಂ! ಇದು ಹೋಟೆಲ್ ಗಲ್ಲಾಪೆಟ್ಟಿಗೆಯ ಫೋನಿನ ಕಥೆ. ನನ್ನಲ್ಲಿಗೆ ಬೆನ್ನು ಉಬ್ಬಿ ಬರುವ ಫೋನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಂಗಡಿಗಳ ಗಲ್ಲಾದ ಮೇಲೆ ಹಣ ಬಂದ ಸದ್ದು ಕೇಳಲೆಂದು ಇಟ್ಟವು. ಬೆಳಿಗ್ಗೆ ಚಾರ್ಜರಿಗೆ ಸಿಕ್ಕಿಸಿದರೆ ರಾತ್ರಿ ಶಟರ್ ಎಳೆಯುವಾಗಲೇ ತೆಗೆಯುವುದು. ಪಕ್ಕದಲ್ಲೇ ಕಾಫಿಯ ಸ್ಟೌವ್ ಬೇರೆ. ವರ್ಷಕ್ಕೆ ಒಂದು ಬ್ಯಾಟರಿ ಹಾಕಿಸಿಕೊಳ್ಳುವ ಗಿರಾಕಿಗಳಿದ್ದಾರೆ. ನಾನು ಇಷ್ಟು ದಿನ ಅದನ್ನು ಚಾರ್ಜರಿನ ದೋಷ ಎಂದೇ ತಿಳಿದಿದ್ದೆ.

ಹೇಮಾವತಿ ದಂಡೆ · ಜುಲೈ 7, ಮಧ್ಯಾಹ್ನ 2:20

ರಿಪೇರಿ ಸರ್, ಇಡೀ ಚರ್ಚೆಯಲ್ಲಿ ಈ ಒಂದು ಮಾತಿಗೆ ಬೆಲೆ ಹೆಚ್ಚು.

ಮೇಡಂ, ಈಗ ಊಹೆ ಸಾಕು, ಅಳೆದು ನೋಡೋಣ. ಮಗಳ ಲ್ಯಾಪ್‌ಟಾಪಿನಲ್ಲಿ ಫೋನಿನೊಡನೆ ಮಾತಾಡುವ `adb` ಎಂಬ ತಂತ್ರಾಂಶ ಇದ್ದರೆ, ಇಲ್ಲದಿದ್ದರೆ ಹಾಕಿಕೊಂಡು, ಫೋನಿನಲ್ಲಿ ಡೆವಲಪರ್ ಆಯ್ಕೆಗಳೊಳಗೆ ಯುಎಸ್‌ಬಿ ಡೀಬಗ್ಗಿಂಗ್ ಚಾಲೂ ಮಾಡಿ. ಆಮೇಲೆ ಕೇಬಲ್ ಜೋಡಿಸಿ ಈ ಒಂದು ಸಾಲು ಸಾಕು:

```
adb shell dumpsys battery
```

ಎರಡು ಸಲ ನೋಡಿ. ರಾತ್ರಿ ಚಾರ್ಜಿಗೆ ಹಾಕಿ ನೂರಾದ ಮೇಲೆ ಒಮ್ಮೆ, ನಾಳೆ ಮಧ್ಯಾಹ್ನ ಹಾಟ್‌ಸ್ಪಾಟ್ ನಡೆಯುತ್ತಿರುವಾಗ ಒಮ್ಮೆ. ಚಾರ್ಜರ್ ಕಿತ್ತ ಕೂಡಲೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ತಡ ಮಾಡಿದರೆ ಬಿಸಿ ಇಳಿದುಬಿಡುತ್ತದೆ. ಬಂದದ್ದನ್ನು ಹಾಗೆಯೇ ಇಲ್ಲಿ ಹಾಕಿ. ಕೆಲಸ ಮುಗಿದ ಮೇಲೆ ಡೀಬಗ್ಗಿಂಗ್ ಆರಿಸುವುದನ್ನು ಮರೆಯಬೇಡಿ.

ಕೊಟ್ಟಿಗೆಹಾರದ ಮನೆ · ಜುಲೈ 8, ಮಧ್ಯಾಹ್ನ 3:05

ಮಗಳು ಮಾಡಿಕೊಟ್ಟಳು. ರಾತ್ರಿಯದು:

```
Charge counter: 3962000
level: 100
voltage: 4412
temperature: 272
```

ಇವತ್ತು ಮಧ್ಯಾಹ್ನ ಎರಡೂವರೆಯದು:

```
Charge counter: 3958000
level: 100
voltage: 4406
temperature: 413
```

ಇದರಲ್ಲಿ ನನಗೆ ಅರ್ಥವಾದದ್ದು ನೂರು ಎಂಬುದು ಮಾತ್ರ.

ಹೇಮಾವತಿ ದಂಡೆ · ಜುಲೈ 8, ಸಂಜೆ 4:10

ಮೊದಲ ಸಾಲಿನ ಸಂಖ್ಯೆಯನ್ನು ಸಾವಿರದಿಂದ ಭಾಗಿಸಿದರೆ 3962 ಎಂಎಎಚ್. ಹೊಸದರಲ್ಲಿ 5000 ಇದ್ದದ್ದು ಈಗ ತುಂಬಿದರೂ ಇಷ್ಟೇ, ಅಂದರೆ ಸುಮಾರು 79 ಪ್ರತಿಶತ ಉಳಿದಿದೆ. ಕೆಲವು ಫೋನುಗಳು ಈ ಸಾಲಿನಲ್ಲಿ ಸುಳ್ಳು ಹೇಳುತ್ತವೆ, ಡಬ್ಬಿಯ ಮೇಲಿನ ಸಂಖ್ಯೆಯನ್ನೇ ಪ್ರತಿಶತಕ್ಕೆ ತಕ್ಕಂತೆ ಕತ್ತರಿಸಿ ಕೊಡುತ್ತವೆ. ಹಾಗಿದ್ದಿದ್ದರೆ ನೂರರಲ್ಲಿ ನಿಮಗೆ ಸರಿಯಾಗಿ 5000 ಎಂದೇ ಬರಬೇಕಿತ್ತು. ಬಂದಿಲ್ಲ, ಆದ್ದರಿಂದ ಇದನ್ನು ನಂಬಬಹುದು.

ಕೊನೆಯ ಸಾಲು ಉಷ್ಣತೆ, ಹತ್ತರಿಂದ ಭಾಗಿಸಬೇಕು. ರಾತ್ರಿ 27.2 ಡಿಗ್ರಿ, ಹಗಲು 41.3. ಜುಲೈ ತಿಂಗಳಲ್ಲಿ, ಕೊಟ್ಟಿಗೆಹಾರದ ಮಳೆಯಲ್ಲಿ, 41! ಜನರು ಕಂಬಳಿ ಹೊದ್ದಿರುವ ಊರಿನಲ್ಲಿ ನಿಮ್ಮ ಫೋನೊಂದೇ ರಾಯಚೂರಿನ ಬೇಸಿಗೆಯಲ್ಲಿದೆ.

ಈಗ ಲೆಕ್ಕ ನೋಡಿ. ರಾತ್ರಿ ನೂರರಲ್ಲಿ ಕೂರುವುದು ಸುಮಾರು ಏಳು ಗಂಟೆ, ಹಗಲು ಒಂಬತ್ತು ಗಂಟೆ. ಹತ್ತು ಡಿಗ್ರಿ ಹೆಚ್ಚಿದರೆ ಮುಪ್ಪಿನ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬುದು ನಮ್ಮ ಕೆಲಸದಲ್ಲಿ ಇಟ್ಟುಕೊಳ್ಳುವ ಒಂದು ಒರಟು ಅಂದಾಜು. ಇಲ್ಲಿ ಅಂತರ ಹದಿನಾಲ್ಕು ಡಿಗ್ರಿ, ಎಂದರೆ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಹಗಲಿನ ಒಂಬತ್ತು ಗಂಟೆ ರಾತ್ರಿಯ ಸುಮಾರು ಇಪ್ಪತ್ತನಾಲ್ಕು ಗಂಟೆಗೆ ಸಮ. ಮನೆಯವರೆಲ್ಲ ಬೈಯುತ್ತಿರುವುದು ಆ ಏಳು ಗಂಟೆಯನ್ನು. ಕದ್ದವನು ಹಗಲು ಬಂದಿದ್ದಾನೆ, ಮೇಡಂ.

14 ಪ್ರತಿಶತದಲ್ಲಿ ಆರಿಹೋದದ್ದೂ ಇದರ ಕೂಸೇ. ಪದರ ದಪ್ಪವಾದಷ್ಟೂ ಒಳಗಿನ ತಡೆ ಹೆಚ್ಚುತ್ತದೆ. ಸಿಗ್ನಲ್ ಹುಡುಕಲು ಫೋನು ಒಮ್ಮೆಲೇ ಹೆಚ್ಚು ಎಳೆದಾಗ ವೋಲ್ಟೇಜ್ ಕುಸಿದು, ಇನ್ನೂ ಚಾರ್ಜ್ ಇದ್ದರೂ ಫೋನು ಆರುತ್ತದೆ.

ತೆಂಗಿನ ತೋಟ, ಅರಸೀಕೆರೆ · ಜುಲೈ 8, ಸಂಜೆ 4:45

ವೋಲ್ಟೇಜ್ 4412 ಎಂದು ತೋರಿಸುತ್ತಿದೆಯಲ್ಲ, ಹೈ ವೋಲ್ಟೇಜ್ ಆಯಿತು. ಒಂದು ಸ್ಟೆಬಿಲೈಸರ್ ಹಾಕಿಸಿದರೆ ಸರಿಹೋಗುವುದಿಲ್ಲವೇ?

ಹೇಮಾವತಿ ದಂಡೆ · ಜುಲೈ 8, ಸಂಜೆ 5:00

ಅದು ಮಿಲಿವೋಲ್ಟ್, ಸರ್. 4.4 ವೋಲ್ಟ್ ಅಷ್ಟೇ. ಗೋಡೆಯ ಕರೆಂಟಿಗೂ ಇದಕ್ಕೂ ನೇರ ಸಂಬಂಧವಿಲ್ಲ. ಚಾರ್ಜರ್ 100ರಿಂದ 240 ವೋಲ್ಟ್‌ವರೆಗೆ ಏನು ಬಂದರೂ ಇಳಿಸಿ ಕೊಡುತ್ತದೆ. ಗುಡುಗು ಸಿಡಿಲಿಗೆ ಚಾರ್ಜರ್ ಸುಡಬಹುದು, ಅದು ಬೇರೆ ವಿಷಯ. ಬ್ಯಾಟರಿಯ ಮಟ್ಟಿಗೆ 4.4 ಎಂದರೆ ತುತ್ತತುದಿ. ಎಂಬತ್ತಕ್ಕೆ ನಿಲ್ಲಿಸಿದರೆ ಇದೇ ಫೋನು ಸುಮಾರು 4.1ರಲ್ಲಿ ಇರುತ್ತದೆ. ಮಿತಿಯ ಗುಟ್ಟು ಇಷ್ಟೇ. ಎಷ್ಟು ಸಲ ಚಾರ್ಜ್ ಮಾಡುತ್ತೀರಿ ಎಂಬುದು ಅದರಿಂದ ಕಡಿಮೆಯಾಗುವುದಿಲ್ಲ, ತುದಿಯಲ್ಲಿ ಕೂರುವ ಹೊತ್ತು ಕಡಿಮೆಯಾಗುತ್ತದೆ.

ಎಂ.ಜಿ. ರಸ್ತೆ, ಚಿಕ್ಕಮಗಳೂರು · ಜುಲೈ 8, ಸಂಜೆ 5:20

ಚಾರ್ಜರ್ ಸಿಕ್ಕಿಸಿದ ಪ್ರತಿ ಸಲವೂ ಒಂದು ಸೈಕಲ್ ಎಂದು ಎಣಿಸುತ್ತದಲ್ಲವೇ? ಹಾಗಿದ್ದರೆ ಎಂಬತ್ತರವರು ದಿನಕ್ಕೆರಡು ಸಲ ಸಿಕ್ಕಿಸಿ ಎರಡು ಸೈಕಲ್ ಕಳೆದುಕೊಳ್ಳುತ್ತಾರೆ.

ಹೇಮಾವತಿ ದಂಡೆ · ಜುಲೈ 8, ಸಂಜೆ 5:32

ಹಾಗೆ ಎಣಿಸುವುದಿಲ್ಲ. ಖರ್ಚಾದದ್ದನ್ನು ಕೂಡಿಸಿ ನೂರಾದರೆ ಒಂದು ಸೈಕಲ್. ಇವತ್ತು ಅರವತ್ತು, ನಾಳೆ ನಲವತ್ತು ಬಳಸಿದರೆ ಎರಡು ದಿನಕ್ಕೆ ಒಂದು. ಎಷ್ಟು ಸಲ ಸಿಕ್ಕಿಸಿದಿರಿ ಎಂಬುದು ಲೆಕ್ಕಕ್ಕೇ ಇಲ್ಲ. ಐಫೋನ್ 14ರವರೆಗೆ 500 ಸೈಕಲ್ ಕಳೆದರೂ 80 ಪ್ರತಿಶತ ಉಳಿಯುವಂತೆ ರೂಪಿಸಿದ್ದೇವೆ ಎಂದು ಆ ಕಂಪನಿ ಹೇಳುತ್ತದೆ, ಐಫೋನ್ 15ರಿಂದ ಅದು 1000. ಅದೂ ಸರಿಯಾದ ವಾತಾವರಣದಲ್ಲಿ ಬಳಸಿದರೆ ಎಂಬ ಷರತ್ತಿನ ಮೇಲೆ. ಗಲ್ಲಾಪೆಟ್ಟಿಗೆಯ ಫೋನು ಸೈಕಲ್ಲೇ ಮುಗಿಸದೆ ಸಾಯುತ್ತದೆ, ಏಕೆಂದರೆ ಅದು ನೂರರಿಂದ ಇಳಿಯುವುದೇ ಇಲ್ಲ.

ಮೇಡಂ, ಒಂದು ಕೇಳುವುದು ಉಳಿಯಿತು. ಹಾಟ್‌ಸ್ಪಾಟು, ದುರ್ಬಲ ಸಿಗ್ನಲ್, ಚಾರ್ಜರ್ ಮೂರೂ ಸೇರಿ ಬಿಸಿ ಮಾಡುತ್ತವೆ, ನಿಜ. ಆದರೂ ಮಳೆಗಾಲದಲ್ಲಿ 41 ಎಂದರೆ ನನಗೆ ಯಾಕೋ ಹೆಚ್ಚೆನಿಸುತ್ತಿದೆ. ಆ ಕಿಟಕಿಯ ಸುತ್ತ ಏನಿದೆ?

ಕೊಟ್ಟಿಗೆಹಾರದ ಮನೆ · ಜುಲೈ 8, ರಾತ್ರಿ 8:15

ನಿಮಗೆ ನಗು ಬರಬಹುದು. ಆ ಕೋಣೆಯ ಗೋಡೆಯ ಆಚೆ ಬಚ್ಚಲೊಲೆ ಇದೆ. ಮಳೆಗಾಲದಲ್ಲಿ ಬಟ್ಟೆ ಒಣಗಬೇಕಲ್ಲ, ಬೆಳಗಿನಿಂದ ಸಂಜೆಯವರೆಗೂ ಒಲೆಯಲ್ಲಿ ಒಂದು ಕುಂಟೆ ಉರಿಯುತ್ತಲೇ ಇರುತ್ತದೆ. ಗೋಡೆ ಬೆಚ್ಚಗಿರುತ್ತದೆ. ಸಿಗ್ನಲಿನ ಕಿಟಕಿ ಅದೇ ಗೋಡೆಗೆ ಅಂಟಿಕೊಂಡಿದೆ. ಇಲ್ಲಿ ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೂ ಬೂಷ್ಟು ಬರುತ್ತದೆ. ಫೋನಿಗೆ ತಂಡಿ ಹಿಡಿಯಬಾರದು ಎಂದು ನಾನೇ ಬೆಚ್ಚಗಿನ ಮೂಲೆಗೆ ಸರಿಸಿ, ದಪ್ಪ ಕವರ್ ಮುಚ್ಚಿ ಇಡುತ್ತಿದ್ದೆ.

ನಿವೃತ್ತ ಮೇಷ್ಟ್ರು, ಬೇಲೂರು · ಜುಲೈ 8, ರಾತ್ರಿ 8:30

ಬಾಣಂತಿಯ ಆರೈಕೆ!

ಹೇಮಾವತಿ ದಂಡೆ · ಜುಲೈ 8, ರಾತ್ರಿ 8:50

ಸಿಕ್ಕಿತು. ತಂಡಿಯ ಚಿಂತೆ ಬಿಡಿ. ಬ್ಯಾಟರಿಗೆ ಇಪ್ಪತ್ತು ಡಿಗ್ರಿ ಬಹಳ ಹಿತ. ತೊಂದರೆ ಕೊಡುವ ಚಳಿ ಎಂದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವುದು. ಅಂಥ ಚಳಿ ಮುಳ್ಳಯ್ಯನಗಿರಿಯ ತುದಿಯಲ್ಲೂ ನಿಮಗೆ ಸಿಗುವುದು ಕಷ್ಟ.

ಈ ಮೂರು ಮಾಡಿ ನೋಡಿ. ಕವರ್ ತೆಗೆಯಿರಿ. ಅದೇ ಕಿಟಕಿಯಲ್ಲಿ ಒಲೆಯ ಗೋಡೆಯಿಂದ ಆಚೆಯ ಬದಿಗೆ ಸರಿಸಿ, ಸ್ಟೀಲ್ ತಟ್ಟೆಯೊಂದರ ಮೇಲೆ ಇಡಿ. ಎಂಬತ್ತರ ಮಿತಿಯನ್ನು ಹಾಕಿ. ಮಿತಿ ತಲುಪಿದ ಮೇಲೆ ಹೆಚ್ಚಿನ ಫೋನುಗಳು ಹಾಟ್‌ಸ್ಪಾಟಿಗೆ ಬೇಕಾದ ಶಕ್ತಿಯನ್ನು ನೇರವಾಗಿ ಚಾರ್ಜರಿನಿಂದ ತೆಗೆದುಕೊಳ್ಳುತ್ತವೆ, ಬ್ಯಾಟರಿ ಸುಮ್ಮನೆ ಕೂತಿರುತ್ತದೆ. ಸಿಗ್ನಲ್ ಕಡಿಮೆ ಇರುವ ಕಡೆಗೆ ಮಾತ್ರ ಒಯ್ಯಬೇಡಿ, ಟವರನ್ನು ಮುಟ್ಟಲು ಫೋನು ಇನ್ನೂ ಜೋರಾಗಿ ಕೂಗಬೇಕಾಗುತ್ತದೆ, ಬಿಸಿ ಹೆಚ್ಚುತ್ತದೆ.

ರಾತ್ರಿಯದನ್ನು ಸದ್ಯಕ್ಕೆ ಮರೆತುಬಿಡಿ.

ಕಾಫಿ ಕಣ, ಸಕಲೇಶಪುರ · ಜುಲೈ 9, ಬೆಳಿಗ್ಗೆ 6:40

ರಾತ್ರಿಯದನ್ನು ಮರೆಯುವುದು ಬೇಡ. ನನ್ನ ಅನುಭವ ಹೇಳುತ್ತೇನೆ. ನನ್ನ ಫೋನಿನಲ್ಲಿ ಮಿತಿಯ ಆಯ್ಕೆಯೇ ಇಲ್ಲ. ನೀರೆತ್ತುವ ಮೋಟರಿಗೆಂದು ತಂದಿದ್ದ, ತಿರುಗಿಸುವ ಗುಂಡಿಯ ಟೈಮರ್ ಪ್ಲಗ್ ಒಂದಿತ್ತು. ಅದನ್ನು ಚಾರ್ಜರಿಗೆ ಹಾಕಿ, ಬೆಳಗಿನ ಜಾವ ನಾಲ್ಕೂವರೆಯಿಂದ ಐದೂವರೆಯವರೆಗೆ ಮಾತ್ರ ಕರೆಂಟು ಬರುವಂತೆ ಇಟ್ಟೆ. ಜನವರಿಯಿಂದ ಮೇವರೆಗೆ ಗಡಿಯಾರದಂತೆ ನಡೆಯಿತು. ಎದ್ದಾಗ ಫೋನು ಎಂಬತ್ತೈದರ ಆಸುಪಾಸು ಇರುತ್ತಿತ್ತು.

ಜೂನ್ ಬಂದ ಮೇಲೆ ಎಲ್ಲ ತಲೆಕೆಳಗಾಯಿತು. ಆ ಟೈಮರ್ ತಿರುಗುವುದೇ ಗೋಡೆಯ ಕರೆಂಟಿನಿಂದ. ರಾತ್ರಿ ಮೂರು ಗಂಟೆ ಕರೆಂಟು ಹೋದರೆ ಅದೂ ಮೂರು ಗಂಟೆ ನಿದ್ದೆ ಮಾಡುತ್ತದೆ. ಬೆಳಿಗ್ಗೆ ಆರಕ್ಕೆ ನೋಡಿದರೆ ಫೋನು 22. ಟೈಮರಿನ ಪ್ರಕಾರ ಆಗಿನ್ನೂ ರಾತ್ರಿ ಮೂರು ಗಂಟೆ.

ಕೊಟ್ಟಿಗೆಹಾರದ ಮನೆ · ಜುಲೈ 9, ಬೆಳಿಗ್ಗೆ 7:30

ಸಕಲೇಶಪುರದ ಅಣ್ಣ ಹೇಳಿದ್ದು ನಮ್ಮ ಮನೆಯವರಿಗೂ ಆಗಿತ್ತು. ಅವರ ಫೋನು ರಾತ್ರಿ ಎಂಬತ್ತಕ್ಕೆ ತಾನಾಗಿ ನಿಂತು, ಏಳುವ ಹೊತ್ತಿಗೆ ಸರಿಯಾಗಿ ನೂರು ತುಂಬುತ್ತದೆ. ಕಳೆದ ತಿಂಗಳು ಬೆಳಗಿನ ಜಾವ ಕರೆಂಟು ಹೋಗಿ, ಎದ್ದಾಗ 76 ಇತ್ತು. ಅಂದೇ ಚಾರ್ಮಾಡಿ ಇಳಿದು ಉಜಿರೆಗೆ ಹೋಗಬೇಕಿತ್ತು. ದಾರಿಯುದ್ದಕ್ಕೂ ಆ ಫೋನನ್ನು ಮಾಡಿದವರನ್ನು ಬೈದರು.

ಹೇಮಾವತಿ ದಂಡೆ · ಜುಲೈ 9, ಬೆಳಿಗ್ಗೆ 8:15

ಆ ವ್ಯವಸ್ಥೆ ಕರೆಂಟು ಇದ್ದೇ ಇರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ, ಮಲೆನಾಡಿನ ಜುಲೈಯನ್ನು ಅದು ನೋಡಿಲ್ಲ. ಮಳೆಗಾಲದಲ್ಲಿ ಅದನ್ನು ಆರಿಸಿ, ಮಲಗುವ ಮೊದಲೇ ಚಾರ್ಜ್ ಮಾಡಿ, ತೆಗೆದು ಮಲಗಿ. 25 ವ್ಯಾಟಿನ ಚಾರ್ಜರಿನಲ್ಲಿ ಮೂವತ್ತೈದರಿಂದ ಎಂಬತ್ತಕ್ಕೆ ಮುಕ್ಕಾಲು ಗಂಟೆ ಸಾಕು, ಊಟ ಮುಗಿಯುವಷ್ಟರಲ್ಲಿ ಆಗುತ್ತದೆ. ಎಂಬತ್ತರಿಂದ ಆಚೆಗೆ ಬ್ಯಾಟರಿ ತಾನೇ ನಿಧಾನವಾಗಿ ಕುಡಿಯುತ್ತದೆ, ಕೊನೆಯ ಇಪ್ಪತ್ತಕ್ಕೆ ಕಾಯುವುದೇ ಹೆಚ್ಚು.

ಇನ್ನು ಮೇಡಂ ಮೊದಲು ಕೇಳಿದ ಆ ಇಪ್ಪತ್ತರ ಮಾತು. ದೊಡ್ಡ ಮಳೆ ಬರುತ್ತದೆ ಎಂದು ಗೊತ್ತಾದ ದಿನ ಮಿತಿ ತೆಗೆದು ನೂರು ತುಂಬಿಸಿ, ಧೈರ್ಯವಾಗಿ. ಒಮ್ಮೊಮ್ಮೆ ನೂರಕ್ಕೆ ತುಂಬಿಸಿ ಬಳಸುವುದರಿಂದ ಹೇಳಿಕೊಳ್ಳುವಂಥ ಹಾನಿ ಇಲ್ಲ.

ಬಿ.ಎಂ. ರಸ್ತೆಯ ರಿಪೇರಿ · ಜುಲೈ 9, ಬೆಳಿಗ್ಗೆ 10:00

ಎಲ್ಲ ಸರಿ ಸರ್, ಆದರೆ ವೇಗದ ಚಾರ್ಜರಿನ ವಿಷಯದಲ್ಲಿ ನಾನು ಸೋಲುವುದಿಲ್ಲ. ಅದು ಬ್ಯಾಟರಿಗೆ ಒಳ್ಳೆಯದಲ್ಲ.

ಹೇಮಾವತಿ ದಂಡೆ · ಜುಲೈ 9, ಬೆಳಿಗ್ಗೆ 10:20

ಅರ್ಧ ಒಪ್ಪುತ್ತೇನೆ. ಬಿಸಿ ಮಾಡುವ ಮಟ್ಟಿಗೆ ನಿಮ್ಮ ಮಾತು ನಿಜ. ರಾತ್ರಿಯೇ ಚಾರ್ಜ್ ಮಾಡಬೇಕಾದವರಿಗೆ 10 ವ್ಯಾಟಿನ ಹಳೆಯ ಚಾರ್ಜರ್ ಒಳ್ಳೆಯದೇ. ರಾತ್ರಿ ಹನ್ನೊಂದಕ್ಕೆ ತುಂಬುವುದು ನಡುರಾತ್ರಿ ಕಳೆದು ಒಂದಕ್ಕೆ ತುಂಬುತ್ತದೆ, ನೂರರಲ್ಲಿ ಕೂರುವ ಹೊತ್ತು ಅಷ್ಟು ಕಡಿಮೆ. ಹಗಲು ಮುಕ್ಕಾಲು ಗಂಟೆಯ ವೇಗದ ಚಾರ್ಜಿನಿಂದ ಎಷ್ಟು ಹಾನಿ ಎಂಬುದು ಫೋನಿನಿಂದ ಫೋನಿಗೆ ಬದಲಾಗುತ್ತದೆ. ಅದರ ಮೇಲೆ ನಾನು ನಿಮ್ಮೊಡನೆ ಪಂತ ಕಟ್ಟುವುದಿಲ್ಲ.

ಆಲೂರಿನ ಲ್ಯಾಪ್‌ಟಾಪ್ · ಜುಲೈ 9, ರಾತ್ರಿ 10:45

ಲ್ಯಾಪ್‌ಟಾಪಿನ ವಿಷಯವನ್ನು ಇಲ್ಲೇ ಕೇಳಬಹುದೇ? ನನ್ನದು ಮೂರು ವರ್ಷದಿಂದ ಸದಾ ಚಾರ್ಜರಿನಲ್ಲೇ ಇದೆ. ಬ್ಯಾಟರಿ ಬಳಸಿದ್ದೇ ಇಲ್ಲ, ಆದ್ದರಿಂದ ಹೊಸದರಂತಿರಬೇಕು ಎಂದುಕೊಂಡಿದ್ದೆ. ಈಗ ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗುತ್ತಿಲ್ಲ. ಒಂದು ಬದಿ ತುಸು ಎದ್ದಂತಿದೆ. `powercfg /batteryreport` ಕೊಟ್ಟು ನೋಡಿದೆ. DESIGN CAPACITY 50,000, FULL CHARGE CAPACITY 33,400.

ಬಿ.ಎಂ. ರಸ್ತೆಯ ರಿಪೇರಿ · ಜುಲೈ 9, ರಾತ್ರಿ 10:52

ಈಗಲೇ ಆರಿಸಿ, ಚಾರ್ಜರ್ ಕಿತ್ತುಬಿಡಿ! ಟಚ್‌ಪ್ಯಾಡ್ ಕೆಟ್ಟಿಲ್ಲ, ಕೆಳಗೆ ಬ್ಯಾಟರಿ ಉಬ್ಬಿ ಅದನ್ನು ಎತ್ತುತ್ತಿದೆ. ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ. ಹಾಸಿಗೆಯ ಮೇಲೆ ಇಡಬೇಡಿ. ನಾಳೆಯೇ ತಿಳಿದವರ ಕೈಯಲ್ಲಿ ತೆಗೆಸಿ. ಈ ವಿಷಯದಲ್ಲಿ ನಾನು ಅನುಭವಸ್ಥ, ಒಮ್ಮೆ ಅಂಗಡಿಯ ಮೇಜು ಸುಟ್ಟುಕೊಂಡಿದ್ದೇನೆ.

ಹೇಮಾವತಿ ದಂಡೆ · ಜುಲೈ 9, ರಾತ್ರಿ 11:05

ರಿಪೇರಿಯವರು ಹೇಳಿದ ಹಾಗೆಯೇ ಮಾಡಿ. ಹೊಸ ಬ್ಯಾಟರಿ ಹಾಕಿಸಿದ ಮೇಲೆ ನೋಡಿ, ಲ್ಯಾಪ್‌ಟಾಪ್ ಕಂಪನಿಯ ತಂತ್ರಾಂಶದಲ್ಲೋ ಬಯೋಸ್‌ನಲ್ಲೋ ಅರವತ್ತು ಅಥವಾ ಎಂಬತ್ತಕ್ಕೆ ನಿಲ್ಲಿಸುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಇನ್ವರ್ಟರ್ ಇದ್ದರೆ ಅರವತ್ತು, ಇಲ್ಲದಿದ್ದರೆ ಎಂಬತ್ತು.

ಆಲೂರಿನ ಲ್ಯಾಪ್‌ಟಾಪ್ · ಜುಲೈ 10, ಸಂಜೆ 6:30

ತೆಗೆಸಿದೆ. ದಿಂಬಿನಂತಾಗಿತ್ತು.

ಕೊಟ್ಟಿಗೆಹಾರದ ಮನೆ · ಆಗಸ್ಟ್ 14, ಸಂಜೆ 7:10

ಐದು ವಾರವಾಯಿತು. ಮಗಳು ವಾರಕ್ಕೊಮ್ಮೆ ಅಳೆದು ಬರೆದಿಟ್ಟಿದ್ದಾಳೆ. ಕವರ್ ತೆಗೆದ ದಿನವೇ ಮಧ್ಯಾಹ್ನದ ಉಷ್ಣತೆ 41ರಿಂದ 38ಕ್ಕೆ ಇಳಿಯಿತು. ಆಚೆ ಬದಿಗೆ ಸರಿಸಿ, ಎಂಬತ್ತರ ಮಿತಿ ಹಾಕಿದ ಮೇಲೆ 33, 34ರಲ್ಲಿ ನಿಂತಿದೆ. ಜಗಲಿಯ ಕಂಬದ ಬಳಿ ಇಟ್ಟೂ ನೋಡಿದೆವು. ಅಲ್ಲಿ ತಂಪು, ಆದರೆ ಸಿಗ್ನಲ್ ಒಂದೇ ಕಡ್ಡಿ. ಅರ್ಧ ಗಂಟೆಯಲ್ಲಿ ಮತ್ತೆ 37.

ಕಳೆದ ಭಾನುವಾರ ಮಿತಿ ತೆಗೆದು ಪೂರ್ತಿ ತುಂಬಿಸಿ ನೋಡಿದರೆ ಆ ಮೊದಲ ಸಾಲು 3991000 ಎಂದಿತು. ಜುಲೈಯಲ್ಲಿ 3962000 ಇತ್ತು. ಬ್ಯಾಟರಿ ಚೇತರಿಸಿಕೊಳ್ಳುತ್ತಿದೆ ಎಂದು ಮಗಳು ಕುಣಿದಳು.

ಹೇಮಾವತಿ ದಂಡೆ · ಆಗಸ್ಟ್ 14, ಸಂಜೆ 7:35

ಕುಣಿಯಲಿ, ಆದರೆ ಕಾರಣ ಬೇರೆ. ಹೋದ ಲಿಥಿಯಂ ಮರಳಿ ಬರುವುದಿಲ್ಲ. 29 ಎಂಎಎಚ್ ಎಂದರೆ ಅಳತೆಯ ತೂಗಾಟ ಅಷ್ಟೇ. ನಿಜವಾದ ವ್ಯತ್ಯಾಸ ಕಾಣಲು ಆರು ತಿಂಗಳಾದರೂ ಬೇಕು. ಆಗಲೂ ಕಾಣುವುದು ಏರಿಕೆಯಲ್ಲ, ಇಳಿಕೆ ನಿಧಾನವಾದದ್ದು. 14ರಲ್ಲಿ ಆರುವುದೂ ನಿಲ್ಲುವುದಿಲ್ಲ. ಅದಕ್ಕೆ ಮದ್ದು ಹೊಸ ಬ್ಯಾಟರಿ ಒಂದೇ.

ಎಂ.ಜಿ. ರಸ್ತೆ, ಚಿಕ್ಕಮಗಳೂರು · ಆಗಸ್ಟ್ 14, ರಾತ್ರಿ 8:00

ಹೊಸ ಬ್ಯಾಟರಿಯೇ ಮದ್ದು ಎಂದಾದರೆ ಐದು ವಾರದ ಈ ತಪಸ್ಸು ಯಾಕೆ? ಜುಲೈಯಲ್ಲೇ ಹಾಕಿಸಬಹುದಿತ್ತು.

ಬಿ.ಎಂ. ರಸ್ತೆಯ ರಿಪೇರಿ · ಆಗಸ್ಟ್ 14, ರಾತ್ರಿ 8:12

ಜುಲೈಯಲ್ಲೇ ಹಾಕಿಸಿ ಒಲೆಯ ಪಕ್ಕಕ್ಕೆ ಇಟ್ಟಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ನನ್ನ ಬಳಿ ಬರುತ್ತಿದ್ದರು. ನನ್ನ ವ್ಯಾಪಾರಕ್ಕೆ ಅದೇ ಒಳ್ಳೆಯದು, ಏನು ಮಾಡುವುದು. ಮೇಡಂ, ಯಾರಲ್ಲಿ ಹಾಕಿಸಿದರೂ ಅಸಲಿ ಬ್ಯಾಟರಿಯನ್ನೇ ಕೇಳಿ. ಹಾಕಿಸಿದ ದಿನವೇ ಆ ಸಾಲು ಕೊಟ್ಟು ನೂರರಲ್ಲಿ ಎಷ್ಟು ತೋರಿಸುತ್ತದೆ ನೋಡಿ. ನಕಲಿ ಆದರೆ ಕೆಲವೊಮ್ಮೆ ಮೊದಲ ದಿನವೇ ನಾಲ್ಕು ಸಾವಿರದ ಹತ್ತಿರ ಇರುತ್ತದೆ.

ಕೊಟ್ಟಿಗೆಹಾರದ ಮನೆ · ಆಗಸ್ಟ್ 14, ರಾತ್ರಿ 8:40

ದಸರಾ ರಜೆಗೆ ಹಾಸನಕ್ಕೆ ಬರುವುದಿದೆ, ಆಗ ಹಾಕಿಸುತ್ತೇನೆ. ಒಂದು ಸಂಶಯ ಇನ್ನೂ ಉಳಿದಿದೆ. ಆ ಕಿಟಕಿ ಪಡುವಣಕ್ಕಿದೆ. ಮಾರ್ಚ್ ಏಪ್ರಿಲ್‌ನಲ್ಲಿ ಒಲೆ ಇರುವುದಿಲ್ಲ, ಆದರೆ ಮೂರು ಗಂಟೆಯಿಂದ ಬಿಸಿಲು ನೇರ ಫೋನಿನ ಮೇಲೆ ಬೀಳುತ್ತದೆ. ಸಿಗ್ನಲ್ ಮಾತ್ರ ಅಲ್ಲೇ. ಪರದೆ ಹಾಕಿದರೆ ಸಿಗ್ನಲ್ ಕಡಿಮೆಯಾಗುತ್ತದೆಯೇ ಎಂದು ಕೇಳಬೇಕೆಂದಿದ್ದೆ. ಕರೆಂಟು ಹೋಗಿ ನಾಲ್ಕು ಗಂಟೆಯಾಯಿತು, ಫೋನು 31ಕ್ಕೆ ಬಂದಿದೆ. ನಾಳೆ ಬರೆಯುತ್ತೇನೆ.